ಬಾಣಂತಿಯ ಬಿಳಿ ಅನ್ನ

"ಈ ಕೂಸಿನ ದನಿ ಎಲ್ಲಿಗ್ ಓಯ್ತು?"

ಪುಟ್ಟಸಿದ್ದಮ್ಮ ಕೇಳಿದ್ದು ಯಾರನ್ನೂ ಅಲ್ಲ. ಅಡುಗೆಮನೆಯಲ್ಲಿ ಆಕೆಯೊಬ್ಬಳೇ ಇದ್ದಳು. ಅನ್ನದ ತಪ್ಪಲೆಯ ಬಾಯಿಗೆ ಮುಚ್ಚಳ ಕೊಟ್ಟು, ಬಗ್ಗಿಸಿ, ಗಂಜಿ ಬಸಿಯುತ್ತಿದ್ದಳು. ಬಿಸಿ ಗಂಜಿ ಬಾನಿಗೆ ಬೀಳುವ ಸದ್ದೊಂದು ಬಿಟ್ಟರೆ ಮನೆ ಮೌನವಾಗಿತ್ತು. ಆ ಮೌನಕ್ಕೇ ಅವಳಿಗೆ ಭಯ. ಗೋಡೆಯಾಚೆಯ ಬಾಣಂತಿ ಕೋಣೆಯಲ್ಲಿ ಮೊಮ್ಮಗ ಅಳುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಆಗ ತಾನೇ ನೋಡಿ ಬಂದಿದ್ದಳು. ಬಾಯಿ ಅಗಲವಾಗಿ ತೆರೆದಿತ್ತು, ಮುಖ ಕೆಂಪೇರಿತ್ತು, ಎದೆಗೂಡು ಏರಿ ಇಳಿಯುತ್ತಿತ್ತು, ಕಣ್ಣಂಚಿನಲ್ಲಿ ನೀರಿತ್ತು. ಅಳುವಿನಲ್ಲಿ ಇರಬೇಕಾದದ್ದೆಲ್ಲ ಇತ್ತು, ದನಿ ಮಾತ್ರ ಇರಲಿಲ್ಲ. ದೂರದಲ್ಲೆಲ್ಲೋ ಯಾರೋ ಒಣ ಎಲೆ ತುಳಿದ ಹಾಗೆ ಗಂಟಲಲ್ಲಿ ಸಣ್ಣ ಸದ್ದೊಂದು ಬಂದು ಅಲ್ಲೇ ಅಡಗುತ್ತಿತ್ತು.

ಮೊದಲನೆಯದು ಹೀಗೇ ಹೋಗಿತ್ತು. ಎರಡನೆಯದೂ ಹೀಗೇ ಹೋಗಿತ್ತು. ಎರಡೂ ಮೂರನೇ ತಿಂಗಳಲ್ಲಿ. ಮೊದಲು ಹಾಲು ಕಕ್ಕುವುದು, ಆಮೇಲೆ ಮುಖ ಊದುವುದು, ಆಮೇಲೆ ದನಿ ಆರುವುದು, ಕಡೆಗೆ ಉಸಿರು. ದೀಪ ಆರುವಾಗಲೂ ಬತ್ತಿ ಒಂದು ಸಲ ಚಟಪಟ ಅನ್ನುತ್ತದೆ. ಆ ಕೂಸುಗಳು ಅಷ್ಟೂ ಅನ್ನದೆ ಹೋಗಿದ್ದವು.

ಈಗ ಮೂರನೆಯದಕ್ಕೆ ಮೂರನೇ ತಿಂಗಳು.

ಪುಟ್ಟಸಿದ್ದಮ್ಮ ಮಾಡದ್ದು ಯಾವುದು? ಮಾದೇಶ್ವರನ ಬೆಟ್ಟಕ್ಕೆ ಬರಿಗಾಲಲ್ಲಿ ಬರುತ್ತೇನೆಂದು ಹರಕೆ ಹೊತ್ತಿದ್ದಳು. ದೃಷ್ಟಿ ತೆಗೆದಿದ್ದಳು. ತಾಯಿತ ಕಟ್ಟಿಸಿದ್ದಳು. ಬೆಳಿಗ್ಗೆ ಎದ್ದು ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ, ಆ ಕೈಯಲ್ಲೇ ಸೊಸೆಯ ಊಟಕ್ಕೆ ಅಕ್ಕಿ ತೊಳೆಯುತ್ತಿದ್ದಳು. ಒಂದು ನೀರಲ್ಲ, ಎರಡು ನೀರಲ್ಲ. ತೊಳೆದ ನೀರು ಬಾವಿಯ ನೀರಿನಷ್ಟು ತಿಳಿಯಾಗುವ ತನಕ. ಬಾಣಂತಿಯ ಅನ್ನದಲ್ಲಿ ಒಂದು ಚೂರು ತೌಡೂ ಇರಬಾರದು. ಬೆಂದ ಮೇಲೆ ಗಂಜಿ ಬಸಿಯಬೇಕು, ಇಲ್ಲದಿದ್ದರೆ ಶೀತ. ಆ ಮಲ್ಲಿಗೆಯಂಥ ಅನ್ನಕ್ಕೆ ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ಹುರಿದ ಉಪ್ಪು. ಬೇಳೆ ಕೊಟ್ಟರೆ ಕೂಸಿಗೆ ಹೊಟ್ಟೆನೋವು. ಸೊಪ್ಪು ಕೊಟ್ಟರೆ ಭೇದಿ. ರಾಗಿ ತಂಪು, ನವಣೆ ಉಷ್ಣ. ಅದೊಂದೇ ಅನ್ನ, ಅದೊಂದೇ ಸಾರು. ಐದು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಪಥ್ಯ.

ಅಕ್ಕಿಗೇನು ಕೊರತೆ? ಮಗ ಗುರುಮಲ್ಲಯ್ಯ ಗುಂಡ್ಲುಪೇಟೆಯ ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತ. ಮಿಲ್ಲಿನಲ್ಲಿ ಎರಡು ಸಲ ಪಾಲಿಶ್ ಕೊಟ್ಟ ಅಕ್ಕಿಯನ್ನೇ ಹೆಂಡತಿಯ ಬಾಣಂತನಕ್ಕೆಂದು ಬೇರೆ ಮೂಟೆ ಕಟ್ಟಿಸಿ ತಂದಿದ್ದ. ಮುಷ್ಟಿಯಲ್ಲಿ ಹಿಡಿದರೆ ಜಾರುವ ಅಕ್ಕಿ. ರೇಷನ್ ಕಾಲದಲ್ಲಿ ಹುಳ ಬಿದ್ದ ಜೋಳ ತಿಂದು ಸಾಕಾಗಿದ್ದ ಬೀದಿ ಅದು. ರೇಷನ್ ಹೋದದ್ದೇ ತಡ, ನವಣೆ, ಸಾಮೆ, ಹಾರಕ ಎಲ್ಲ ಅಟ್ಟದಿಂದ ಇಳಿದು ಕೋಳಿ ಸಾಕುವವರ ಮನೆಗೆ ಹೋದವು. ಭೀಮನಬೀಡಿನಿಂದ ಮಾದಮ್ಮನನ್ನು ತಂದಾಗ ಅವಳ ಅಪ್ಪ ಶಾಂತಮಲ್ಲಪ್ಪ ನೆಂಟರ ಮುಂದೆ ಎದೆಯುಬ್ಬಿಸಿ ಹೇಳಿದ್ದ: "ನನ್ ಮಗ್ಳು ಮೂರೊತ್ತೂ ಅನ್ನ ಉಣ್ಣೋ ಮನೆ ಸೇರವ್ಳೆ." ಆ ಮಾತನ್ನು ಪುಟ್ಟಸಿದ್ದಮ್ಮ ಒಡವೆಯ ಹಾಗೆ ಜೋಪಾನ ಮಾಡಿಕೊಂಡಿದ್ದಳು.

ಗಂಜಿ ಬಾನಿಯನ್ನು ಹಿತ್ತಲಿಗೆ ಹೊತ್ತು ಹಸುವಿನ ಮುಂದೆ ಇಟ್ಟಳು. ಬೆಳಿಗ್ಗೆ ಮಿಲ್ಲಿನ ತೌಡನ್ನೂ ಅದಕ್ಕೇ ಕಲಸಿ ಇಟ್ಟಿದ್ದಳು. ಹಸು ಸೊರ್ರನೆ ಹೀರಿತು. ಸೊಸೆ ಹೆತ್ತ ವಾರದಲ್ಲೇ ಆ ಹಸುವೂ ಈದಿತ್ತು. ಅದರ ಕರು ಹಿತ್ತಲ ತುಂಬ ನೆಗೆದಾಡಿ, ತೆಂಗಿನ ಮರಕ್ಕೆ ತಲೆ ಕುಟ್ಟಿ, "ಅಂಬಾ" ಎಂದು ಮೂರು ಮನೆಗೆ ಕೇಳುವಂತೆ ಕೂಗಿತು. ಪುಟ್ಟಸಿದ್ದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಬಂದಳು.

ಅಂದು ಮಧ್ಯಾಹ್ನ ಅವಳ ಮನೆಯ ಪಡಸಾಲೆಯಲ್ಲಿ ಮಹಿಳಾ ಸಮಾಜದ ಸಭೆ. ಬೀದಿಯ ಸಮಾಜಕ್ಕೆ ಅವಳೇ ಅಧ್ಯಕ್ಷೆ. ಮುಂದಕ್ಕೆ ಹಾಕಿಸಬಹುದಿತ್ತು. ಆದರೆ ಸಭೆ ಬೇಡ ಅಂದರೆ ಯಾಕೆ ಅನ್ನುತ್ತಾರೆ, ಕೂಸಿಗೆ ಹುಷಾರಿಲ್ಲ ಅಂದರೆ "ಇದೂನಾ?" ಅನ್ನುತ್ತಾರೆ. ಆ ಒಂದು ಮಾತು ಕೇಳುವ ಶಕ್ತಿ ಅವಳಿಗಿರಲಿಲ್ಲ. ಚಾಪೆ ಹಾಸಿದಳು.

ಬಂದವರು ಬೀದಿಯ ಹತ್ತು ಹನ್ನೆರಡು ಹೆಂಗಸರು. ಮಾತಾಡಲು ಬಂದವಳು ಬ್ಲಾಕ್ ಆಫೀಸಿನ ಗ್ರಾಮಸೇವಕಿ ಮಹಾಲಕ್ಷ್ಮಮ್ಮ. ಹೆಸರು ದೊಡ್ಡದು, ಆಳು ಚಿಕ್ಕವಳು. ಎರಡು ಜಡೆ ಬಿಟ್ಟು ಒಂದು ಜಡೆಗೆ ಬಂದು ಬಹಳ ವರ್ಷವಾಗಿರಲಾರದು. ಅವಳು ಕೈಚೀಲದಿಂದ ಪೊಟ್ಟಣಗಳನ್ನು ತೆಗೆದು ಮೊರದ ಮೇಲೆ ಸಾಲಾಗಿ ಸುರಿದಳು. ಹಳದಿ ನವಣೆ, ಬೂದುಬಣ್ಣದ ಸಾಮೆ, ಕೆಂಪು ರಾಗಿ.

"ಅಯ್ಯೋ ನಮ್ಮವ್ವ," ಎಂದಳು ಈರಮ್ಮ. ಎದುರು ಮನೆಯವಳು, ನಾಲಗೆಗೆ ಬೀಗವಿಲ್ಲದವಳು. "ಸರ್ಕಾರದೋರು ಏನೋ ಹೊಸದು ತೋರ್ಸ್ತಾರೆ ಅಂತ ಬಂದ್ರೆ, ನಮ್ಮಜ್ಜಿ ಗಂಟು ಬಿಚ್ಬುಟ್ಟಲ್ಲ ಬ್ಲಾಕಮ್ಮ!"

ಎಲ್ಲರೂ ನಕ್ಕರು. ಸೇವಕಿಯೂ ನಕ್ಕಳು. "ಗಂಟು ನಿಮ್ಮಜ್ಜೀದೇ ಕಣಮ್ಮ. ನೀವು ಬಿಸಾಕಿದ್ರಿ, ನಾನು ಆರಿಸ್ಕೊಂಡು ಬಂದೆ."

"ನವಣೆ ಅನ್ನ ಬಡಿಸಿದ್ರೆ ನಮ್ ಯಜಮಾನ್ರು ತಟ್ಟೇನ ಬೀದಿಗೆ ಎಸೀತಾರೆ."

"ಒಂದೇ ಸಲ ಬಡಿಸಬೇಡಿ. ಎರಡು ಪಾವು ಅಕ್ಕಿ ಬೇಯಿಸೋ ಕಡೆ ಒಂದು ಪಾವು ಅಕ್ಕಿ, ಒಂದು ಪಾವು ನವಣೆ ಹಾಕಿ. ಮೇಲೆ ಸಾರು ಸುರಿದ್ರೆ ನಿಮ್ ಯಜಮಾನ್ರಿಗೆ ಗೊತ್ತಾಗೋದು ಊಟ ಆದ್ಮೇಲೆ."

"ನಮ್ಮೋರಿಗೆ ಆವಾಗ್ಲೂ ಗೊತ್ತಾಗಲ್ಲ ಬುಡು," ಎಂದಳು ಇನ್ನೊಬ್ಬಳು. ಮತ್ತೆ ನಗು.

ಪುಟ್ಟಸಿದ್ದಮ್ಮ ನಗಲಿಲ್ಲ. ಬಾಣಂತಿ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು, ಬಾಗಿಲಿಗೆ ತಾನೇ ಅಗುಳಿ ಎಂಬಂತೆ.

ಸೇವಕಿ ಒಲೆಯ ಕೆಂಡವನ್ನು ಪಡಸಾಲೆಗೇ ತರಿಸಿ, ಅಗ್ಗಿಷ್ಟಿಕೆಯಲ್ಲಿ ಪಾತ್ರೆಯಿಟ್ಟಳು. ಮಾಡುತ್ತ ಮಾಡುತ್ತ ಹೇಳಿದಳು. ಸಿಪ್ಪೆ ಸಮೇತ ಇರುವ ನವಣೆಯನ್ನು ಒರಳಲ್ಲಿ ಹದವಾಗಿ ಕುಟ್ಟಬೇಕು, ಹೊಟ್ಟು ಹಾರಿಹೋದರೆ ಸಾಕು, ಬೆಳ್ಳಗಾಗುವ ತನಕ ಕುಟ್ಟಬಾರದು. ಕಲ್ಲು ಆರಿಸಿ, ಒಂದೇ ನೀರಲ್ಲಿ ತೊಳೆದು, ಅರ್ಧ ಗಂಟೆ ನೆನೆಯಲು ಬಿಡಬೇಕು. ಒಂದು ಪಾವಿಗೆ ಎರಡೂವರೆ ಪಾವು ನೀರು. ಕುದಿ ಬಂದ ಮೇಲೆ ಉರಿ ತಗ್ಗಿಸಿ ಮುಚ್ಚಿಟ್ಟರೆ ನೀರೆಲ್ಲ ಹೀರಿಕೊಂಡು ಅರಳುತ್ತದೆ. "ಬಸಿಯೋ ಕೆಲಸವೇ ಇಲ್ಲ. ಅಕ್ಕಿ ಬೇಯಿಸಿದ್ರೂ ಅಷ್ಟೇ, ಬಸೀಬೇಡಿ. ಸತ್ವ ಎಲ್ಲ ಗಂಜಿಗೆ ಹೋಗುತ್ತೆ." ಸಾಮೆಯನ್ನು ಹುರಿದು ಅವರೆಕಾಳು ಹಾಕಿ ಉಪ್ಪಿಟ್ಟು ಮಾಡಿದರೆ ರವೆಯದಕ್ಕಿಂತ ಹಗುರ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಘಮ ಬರುವ ಹಾಗೆ ಹುರಿದು ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿದರೆ ಮಕ್ಕಳ ಸರಿಹಿಟ್ಟು. ಆರು ತಿಂಗಳು ತುಂಬಿದ ಮೇಲೆ ಹಾಲು ಬೆಲ್ಲ ಹಾಕಿ ಕಾಯಿಸಿ ತಿನ್ನಿಸಬೇಕು.

"ರಾಗೀಲಿ ಏನಿದ್ದಾತು, ಮಣ್ಣಿನ್ ಬಣ್ಣ," ಎಂದಳು ಈರಮ್ಮ.

"ಮೂಳೆ ಕಟ್ಟೋ ಸುಣ್ಣ ಇದೆ. ಮಿಲ್ ಅಕ್ಕಿಯಲ್ಲಿ ಒಂದು ಪಾಲಿದ್ರೆ ರಾಗಿಯಲ್ಲಿ ಮೂವತ್ತು ಪಾಲು. ನವಣೆಯಲ್ಲಿ ಮೈ ಬೆಳೆಸೋ ಸಸಾರಜನಕ ಅಕ್ಕಿಗಿಂತ ಒಂದೂಮುಕ್ಕಾಲು ಪಾಲು. ಇನ್ನೊಂದಿದೆ, ಬಿ-ಒಂದು ಅಂತ ಜೀವಸತ್ವ. ಕಣ್ಣಿಗೆ ಕಾಣಲ್ಲ. ಧಾನ್ಯದ ತೌಡಿನಲ್ಲಿ, ಮೊಳಕೆ ಬರೋ ಕಣ್ಣಿನಲ್ಲಿ ಇರುತ್ತೆ. ಮಿಲ್ಲಿನವರು ಅದನ್ನ ಉಜ್ಜಿ ತೆಗೆದು ಚೀಲ ತುಂಬ್ತಾರೆ. ನವಣೆಯಲ್ಲಿ ಅದು ಬಿಳಿ ಅಕ್ಕಿಯ ಹತ್ತರಷ್ಟು."

"ಅದಿಲ್ದಿದ್ರೆ ಏನಾದದು?"

"ಕಾಲು ಜೋಮು ಹಿಡಿಯುತ್ತೆ. ನಡೆದ್ರೆ ಏದುಸಿರು. ಮೀನಖಂಡ ಒತ್ತಿದ್ರೆ ನೋವು, ಕೆಲವರಿಗೆ ಕಾಲು ಊದಿ ಬೆರಳು ಒತ್ತಿದ ಕಡೆ ಕುಳಿ ಬೀಳುತ್ತೆ. ಬೆರಿಬೆರಿ ಅಂತಾರೆ. ದೊಡ್ಡವರು ಅದು ಇದು ತಿಂದು ಹೇಗೋ ಬದುಕ್ತಾರೆ..." ಸೇವಕಿ ಪಾತ್ರೆಯ ಮುಚ್ಚಳ ತೆಗೆದು ಒಳಗೆ ನೋಡಿದಳು. "ಕಷ್ಟ ಯಾರಿಗೆ ಅಂದ್ರೆ ಬಾಣಂತೀರಿಗೆ. ನಾವು ಬೇಳೆ ಬಿಡಿಸ್ತೀವಿ, ಸೊಪ್ಪು ಬಿಡಿಸ್ತೀವಿ, ಬರೀ ಬಿಳಿ ಅನ್ನ, ಅದೂ ಬಸಿದು. ತಾಯಿ ಮೈಯಲ್ಲಿ ಇಲ್ಲದ್ದು ಹಾಲಿಗೆ ಎಲ್ಲಿಂದ ಬರಬೇಕು? ಎದೆಹಾಲು ಕುಡಿಯೋ ಕೂಸು ದುಂಡಗೇ ಕಾಣುತ್ತೆ. ಎರಡು ಮೂರು ತಿಂಗಳಿಗೆ ಹಾಲು ಕಕ್ಕೋಕೆ ಶುರು. ಆಮೇಲೆ ಅತ್ತರೆ ದನಿ ಬರಲ್ಲ."

ಅಗ್ಗಿಷ್ಟಿಕೆಯ ಮೇಲೆ ನವಣೆ ಪುಟಪುಟ ಎಂದು ಅರಳುತ್ತಿತ್ತು. ನಗುತ್ತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ, ಒಬ್ಬೊಬ್ಬರಾಗಿ, ಪುಟ್ಟಸಿದ್ದಮ್ಮನ ಬೆನ್ನ ಹಿಂದಿನ ಬಾಗಿಲನ್ನು ನೋಡಿದರು. ನಾಲಗೆಗೆ ಬೀಗವಿಲ್ಲದ ಈರಮ್ಮ ನೆಲ ನೋಡುತ್ತ ಕೂತಳು. ಅದೇ ಎಲ್ಲಕ್ಕಿಂತ ಕೆಟ್ಟದ್ದು.

"ಸುಳ್ಳು!" ಪುಟ್ಟಸಿದ್ದಮ್ಮನ ದನಿ ಅವಳಿಗೇ ಗುರುತು ಸಿಗದಷ್ಟು ಏರಿತು. "ಏನ್ ಹೇಳೀಯವ್ವ ನೀನು? ಒಂದು ಹೆತ್ತಿದ್ದೀಯಾ? ಒಂದು ಬಾಣಂತನ ಮಾಡಿದ್ದೀಯಾ? ನಮ್ಮವ್ವ ನಂಗೂ ಅನ್ನನೇ ಇಕ್ಕಿದ್ದು. ನಾನು ಹೆತ್ತ ಐದರಲ್ಲಿ ಐದೂ ಉಳುದ್ವು. ಅದೇ ಅನ್ನ, ಅದೇ ಮೆಣಸಿನ್ ಸಾರು!"

"ಅದೇ ಅನ್ನವಾ ಅಮ್ಮ?" ಸೇವಕಿ ಮೆತ್ತಗೆ ಕೇಳಿದಳು. ಗೆಲ್ಲಬೇಕೆಂದು ಕೇಳಿದ ಹಾಗಿರಲಿಲ್ಲ. "ನಿಮ್ಮ ಕಾಲದಲ್ಲಿ ಗುಂಡ್ಲುಪೇಟೇಲಿ ಮಿಲ್ ಇತ್ತಾ?"

ಇರಲಿಲ್ಲ. ಪುಣಜನೂರಿನ ತವರುಮನೆಯಲ್ಲಿ ಅವ್ವ ಒನಕೆಯಲ್ಲಿ ಕುಟ್ಟಿದ ಅಕ್ಕಿ ಕೆಂಪಗಿರುತ್ತಿತ್ತು, ತೌಡಿನ ಕಮಟು ಇರುತ್ತಿತ್ತು. ಅದೂ ಒಂದು ತಿಂಗಳ ಮಟ್ಟಿಗೆ. ಭತ್ತ ಮುಗಿಯುತ್ತಿತ್ತು. ಆಮೇಲೆ ಅವ್ವ ನವಣೆಯನ್ನು ಹುರಿದು ಅನ್ನ ಮಾಡಿ ಮೇಲೊಂದಿಷ್ಟು ತುಪ್ಪ ಬಿಡುತ್ತಿದ್ದಳು. "ಉಣ್ಣು ಮಗ, ಅಕ್ಕಿ ಇಕ್ಕಾಕೆ ನಾವೇನ್ ಸಾವ್ಕಾರ್ರಾ," ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಆ ಕಣ್ಣೀರನ್ನು ನೋಡಿಯೇ ಪುಟ್ಟಸಿದ್ದಮ್ಮ ಅಂದುಕೊಂಡಿದ್ದು, ನನ್ನ ಸೊಸೆಗೆ ನವಣೆ ಇಕ್ಕುವ ಗತಿ ಬಾರದಿರಲಿ ಎಂದು.

"ಸಭೆ ಆಯ್ತು. ಎಲ್ರೂ ಓಗಿ," ಎಂದಳು.

ಹೆಂಗಸರು ಎದ್ದು ಹೋದರು. ಸೇವಕಿ ಪೊಟ್ಟಣಗಳನ್ನು ಕಟ್ಟಿಕೊಂಡಳು. ಬೆಂದ ನವಣೆಯ ಪಾತ್ರೆಯನ್ನು ಮಾತ್ರ ಅಗ್ಗಿಷ್ಟಿಕೆಯ ಮೇಲೇ ಬಿಟ್ಟು, ಹೊಸಿಲಲ್ಲಿ ಒಂದು ಗಳಿಗೆ ನಿಂತು, ಮುಚ್ಚಿದ ಬಾಗಿಲನ್ನೊಮ್ಮೆ ನೋಡಿ ಹೋದಳು.

ಪುಟ್ಟಸಿದ್ದಮ್ಮ ಬಾಣಂತಿ ಕೋಣೆಯ ಬಾಗಿಲು ತೆರೆದಳು. ಸಾಂಬ್ರಾಣಿಯ ಹೊಗೆ, ಬೆಳ್ಳುಳ್ಳಿಯ ವಾಸನೆ, ಕತ್ತಲು. ಮಾದಮ್ಮ ಗೋಡೆಗೊರಗಿ ಕೂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳೆಂದು ಹೇಳಬೇಕಾಗಿರಲಿಲ್ಲ. ಸೀರೆಯನ್ನು ಮೊಣಕಾಲ ತನಕ ಎತ್ತಿ, ಹೆಬ್ಬೆರಳಿನಿಂದ ತನ್ನ ಕಾಲನ್ನೇ ಒತ್ತಿ ನೋಡುತ್ತಿದ್ದಳು. ಬೆರಳು ತೆಗೆದ ಕಡೆ ಹಿಟ್ಟಿನ ಮುದ್ದೆಯಲ್ಲಿ ಬಿದ್ದಂಥ ಕುಳಿ. ಅದು ತುಂಬಿಕೊಳ್ಳಲಿಲ್ಲ. ಅತ್ತೆ ಸೊಸೆ ಇಬ್ಬರೂ ಅದನ್ನೇ ನೋಡುತ್ತ ಉಳಿದರು.

"ಯಾವಾಗಿಂದ್ಲೇ?" ಎಂದಳು ಪುಟ್ಟಸಿದ್ದಮ್ಮ.

"ಮೊದಲ್ನೇದ್ರಲ್ಲೂ ಇಂಗೇ ಇತ್ತು ಅತ್ತೆ. ಬಾಣಂತಿ ಮೈ ಊದ್ಕೊಳ್ಳೋದು ಸಹಜ ಅಂದ್ರಲ್ಲ ನೀವು."

ಮಡಿಲಲ್ಲಿ ಕೂಸು ಬಾಯಿ ತೆರೆಯಿತು. ಮೂಗಿನ ಹೊಳ್ಳೆಗಳು ಅರಳಿ ಮುಚ್ಚುತ್ತಿದ್ದವು. ತುಟಿಯ ಸುತ್ತ ನೀಲಿ ನೆರಳು. ಬೆಳಿಗ್ಗೆ ಕೇಳುತ್ತಿದ್ದ ಒಣ ಎಲೆಯ ಸದ್ದೂ ಈಗ ಇರಲಿಲ್ಲ.

ಅಧ್ಯಕ್ಷೆ ಪುಟ್ಟಸಿದ್ದಮ್ಮ, ಮಿಲ್ ಗುಮಾಸ್ತನ ತಾಯಿ, ಹೊಸಿಲು ದಾಟುವಾಗ ಸೆರಗು ಹೊದೆಯದೆ ಎಂದೂ ದಾಟಿದವಳಲ್ಲ. ಅಂದು ಬರಿತಲೆಯಲ್ಲಿ ಬೀದಿಯುದ್ದಕ್ಕೂ ಓಡಿದಳು. "ಬ್ಲಾಕಮ್ಮಾ! ಏ ತಾಯೀ! ನಿಂತ್ಕೊಳವ್ವಾ!" ಎಂದು ಕೂಗಿದಳು. ಅಂಗಡಿಯವರು ಎದ್ದು ನಿಂತು ನೋಡಿದರು. ಮೂಲೆಯ ಬೇವಿನ ಮರದ ಹತ್ತಿರ ಸೇವಕಿಯ ಕೈಗಳನ್ನು ಹಿಡಿದು, ಏದುಸಿರಿನಲ್ಲಿ, "ಒಂದು ಪಾವು ನವಣೆ ಕೊಡು. ಈಗ್ಲೇ ಉಣಿಸ್ತೀನಿ. ಉಳೀತದಾ? ಉಳೀತದೆ ಅನ್ನು," ಎಂದಳು.

ಸೇವಕಿ ಬಂದು ಕೂಸನ್ನು ನೋಡಿದಳು. ನೋಡಿದವಳ ಮುಖದ ಬಣ್ಣ ಹೋಯಿತು. "ನವಣೆ ಆಮೇಲೆ ಕಣಮ್ಮ," ಎಂದಳು. "ನವಣೆ ಉಂಡು, ಅದು ಹಾಲಾಗಿ, ಹಾಲು ಕೂಸಿಗೆ ಹೋಗೋ ತನಕ ಇದು ತಡೆಯಲ್ಲ. ಸೂಜಿಮದ್ದು ಆಗಬೇಕು, ಇವತ್ತೇ. ಚಾಮರಾಜನಗರದ ಆಸ್ಪತ್ರೆಗೆ ಹೋಗಣ. ಸಾಯಂಕಾಲದ ಬಸ್ಸಿದೆ."

ಐದು ತಿಂಗಳು ತುಂಬದ ಬಾಣಂತಿ ಊರು ದಾಟುವುದುಂಟೇ? ಗಾಳಿ ಸೋಂಕು, ಕಣ್ಣು, ಶೀತ. ಆ ಮಾತು ಯಾರೂ ಆಡಲಿಲ್ಲ. ಪುಟ್ಟಸಿದ್ದಮ್ಮನೇ ಸೊಸೆಯ ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಬಿಗಿದು, ಕಂಬಳಿ ಹೊದಿಸಿದಳು. ಹೊರಡುವಾಗ ಅಗ್ಗಿಷ್ಟಿಕೆಯ ಮೇಲಿದ್ದ ನವಣೆ ಅನ್ನದ ಪಾತ್ರೆಗೆ ಮುಚ್ಚಳ ಹಾಕಿ ಬಟ್ಟೆಯಲ್ಲಿ ಕಟ್ಟಿಕೊಂಡಳು.

ಬಸ್ ನಿಲ್ದಾಣಕ್ಕೆ ಗುರುಮಲ್ಲಯ್ಯ ಓಡಿ ಬಂದ. ಕೂದಲು, ರೆಪ್ಪೆ, ಮೀಸೆಯ ಮೇಲೆಲ್ಲ ಮಿಲ್ಲಿನ ಬಿಳಿ ಧೂಳು. "ಅಕ್ಕಿಯಿಂದ ಅಂತಾರಾ? ಏನ್ ಮಾತವ್ವ ಇದು. ಒಂದನೇ ನಂಬರ್ ಅಕ್ಕಿ ಕಣವ್ವ ಅದು! ಸಾವ್ಕಾರ್ ಮನೆಗೂ ಅದೇ ಓಗೋದು!"

"ಅದಕ್ಕೇ ಕಣ್ಲಾ," ಎಂದಳು ತಾಯಿ. ಸೇವಕಿಯೂ ಸೇರಿ ಎಲ್ಲರೂ ಬಸ್ಸು ಹತ್ತಿದರು.

ತೆರಕಣಾಂಬಿ ದಾಟುವಾಗ ಹೊತ್ತು ಮುಳುಗುತ್ತಿತ್ತು. ಹಾದಿಯುದ್ದಕ್ಕೂ ಪುಟ್ಟಸಿದ್ದಮ್ಮ ಕೂಸಿನ ಎದೆಯ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ಹಕ್ಕಿಮರಿಯ ಹಾಗೆ ಒಳಗೇನೋ ಹೊಡೆದುಕೊಳ್ಳುತ್ತಿತ್ತು. ಬಸ್ಸು ಕುಲುಕಿದಾಗಲೆಲ್ಲ ಅದು ನಿಂತಿತೆಂದೇ ಅವಳಿಗೆ ಅನ್ನಿಸುವುದು. ಬಾಯಿಯಲ್ಲಿ ಶಿವನಾಮ ನಡೆದೇ ಇತ್ತು. ಆದರೆ ನಾಮದ ನಡುವೆ ಬೇರೊಂದು ನುಸುಳುತ್ತಿತ್ತು: ತೊಳೆದ ನೀರು, ಬಸಿದ ಗಂಜಿ, ತೊಳೆದ ನೀರು, ಬಸಿದ ಗಂಜಿ. ತಪ್ಪಲೆ ಹಿಡಿದ ಕೈ ಯಾರದು ಎಂದು ಕೇಳುತ್ತಿತ್ತು. ನಾಮವನ್ನು ಜೋರು ಮಾಡಿದಳು. ಪಕ್ಕದ ಸೀಟಿನವರು ತಿರುಗಿ ನೋಡಿದರು.

ಆಸ್ಪತ್ರೆಯ ಡಾಕ್ಟರು ವಯಸ್ಸಾದವರು. ಲಾಂದ್ರದ ಬೆಳಕಲ್ಲಿ ಕೂಸಿನ ಎದೆಗೆ ಕೊಳವೆಯಿಟ್ಟು ಆಲಿಸಿದರು. ಆಲಿಸುತ್ತಲೇ ನರ್ಸಿಗೆ ಮದ್ದಿನ ಹೆಸರು ಹೇಳಿದರು. ಕೂಸಿಗೆ ಒಂದು ಸೂಜಿ, ತಾಯಿಗೆ ಒಂದು. ಸೂಜಿ ಚುಚ್ಚಿದಾಗ ಕೂಸು ಅತ್ತಿತು, ಹಾಗೇ, ದನಿಯಿಲ್ಲದೆ.

"ಎಷ್ಟನೆಯದಮ್ಮ ಇದು?"

"ಮೂರನೇದು ಸ್ವಾಮಿ," ಎಂದಳು ಮಾದಮ್ಮ.

"ಮೊದಲಿನವೆರಡು?"

ಮಾದಮ್ಮ ತಲೆ ತಗ್ಗಿಸಿದಳು. ಡಾಕ್ಟರು ಅವಳನ್ನು ನೋಡಿದರು, ಊದಿದ ಅವಳ ಕಾಲನ್ನು ನೋಡಿದರು. "ಮೂರನೇ ತಿಂಗಳಲ್ಲಾ?" ಎಂದರು.

ಅವರು ಗದರಲಿಲ್ಲ. ಗದರಿದ್ದರೆ ಪುಟ್ಟಸಿದ್ದಮ್ಮ ಜಗಳವನ್ನಾದರೂ ಆಡಬಹುದಿತ್ತು. ಆದರೆ ಯಾರೂ ಹೇಳದೆಯೇ ತಿಳಿದುಕೊಂಡಿದ್ದರು. ಅದು ಊರಿನ ದೃಷ್ಟಿಯೇ ಆಗಿದ್ದರೆ ತಿಂಗಳ ಲೆಕ್ಕ ಇವರಿಗೆ ಹೇಗೆ ಗೊತ್ತು? ದೇವರ ಮುನಿಸಾಗಿದ್ದರೆ ಆಸ್ಪತ್ರೆಯಲ್ಲಿ ಮದ್ದು ಹೇಗೆ ಇದೆ?

ರಾತ್ರಿ ಕಳೆದದ್ದು ಹೇಗೋ. ಕೋಳಿ ಕೂಗುವ ಹೊತ್ತಿಗೆ ಕೂಸಿನ ಮೂಗಿನ ಹೊಳ್ಳೆ ಅರಳುವುದು ನಿಂತಿತ್ತು. ತುಟಿಯ ನೀಲಿ ತಿಳಿಯಾಗಿತ್ತು. ಬೆಳಿಗ್ಗೆ ಡಾಕ್ಟರು ಬಂದು ಎದೆ ಆಲಿಸಿ, "ಹೃದಯ ಸುಧಾರಿಸಿದೆ. ಇನ್ನೊಂದಷ್ಟು ದಿನ ಸೂಜಿ ಕೊಡಬೇಕು. ಆಸೆ ಇಟ್ಟುಕೊಳ್ಳಿ," ಎಂದರು. ದನಿ? "ದನಿ ಬೇಗ ಬರಲ್ಲ. ವಾರಗಟ್ಟಲೆ ಹಿಡಿಯುತ್ತೆ. ತಾಯಿ ಊಟ ಬದಲಾಗಬೇಕು. ಬೇಳೆ, ಸೊಪ್ಪು, ನವಣೆ, ರಾಗಿ, ಮನೇಲಿ ಎಲ್ಲರೂ ಉಣ್ಣೋದನ್ನೇ ಉಣ್ಣಲಿ. ಆ ಬಿಳಿ ಅಕ್ಕಿಯ ಪಥ್ಯ ಮತ್ತೆ ಬೇಡ."

ಸೇವಕಿ ಮೊದಲ ಬಸ್ಸಿಗೆ ಹೊರಟುಹೋದಳು. ಗುರುಮಲ್ಲಯ್ಯ ಹಾಲು ತರಲು ಹೋದ. ಆಸ್ಪತ್ರೆಯ ಜಗಲಿಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು. ಪುಟ್ಟಸಿದ್ದಮ್ಮ ಬಟ್ಟೆ ಬಿಚ್ಚಿ ನವಣೆ ಅನ್ನವನ್ನು ಮುಂದಿಟ್ಟಳು. ತಣ್ಣಗಾಗಿ ಗಟ್ಟಿಯಾಗಿತ್ತು. ನರ್ಸಮ್ಮನಿಂದ ಬೇಡಿ ತಂದ ಬಿಸಿ ಬೇಳೆಸಾರು ಸುರಿದು ಕಲಸಿ, ಒಂದು ತುತ್ತು ಮಾಡಿ, ಮೂರು ಬಾಣಂತನಗಳಲ್ಲಿ ಮಾಡಿದ ಹಾಗೇ ಸೊಸೆಯ ಬಾಯಿಗೆ ಹಿಡಿದಳು.

ಮಾದಮ್ಮ ಆ ಕೈಯನ್ನು ನೋಡಿದಳು. ಆಮೇಲೆ ಪಾತ್ರೆಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡು, ತಾನೇ ಕಲಸಿ ಉಣ್ಣತೊಡಗಿದಳು. ಹಸಿದವಳ ಹಾಗೆ, ತಲೆಯೆತ್ತದೆ ಉಂಡಳು. ಪುಟ್ಟಸಿದ್ದಮ್ಮನ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ನಿಮ್ಮಪ್ಪನಿಗೆ ಏಳಿ ಕಳ್ಸವ್ನೆ ಗುರುಮಲ್ಲ," ಎಂದಳು ಸ್ವಲ್ಪ ಹೊತ್ತಿನ ಮೇಲೆ. "ಭೀಮನಬೀಡಿಂದ ಇವತ್ತೇ ಬಂದಾರು. ನಿಮ್ಮವ್ವನೂ ಬಂದಾಳು."

ಮಾದಮ್ಮ ಉಣ್ಣುತ್ತಲೇ ಇದ್ದಳು.

"ಏನಾಗಿತ್ತು ಅಂತ ಕೇಳ್ತಾರೆ."

"ಊಂ."

"ಮಾದಮ್ಮ." ಪುಟ್ಟಸಿದ್ದಮ್ಮ ಸುತ್ತ ನೋಡಿ, ದನಿ ತಗ್ಗಿಸಿದಳು. "ಇದಕ್ಕೆ ಹಿಂಗಾಯ್ತು, ವಾಸಿ ಆಯ್ತು ಅನ್ನು. ಶೀತ ಅನ್ನು. ಏನಾರ ಅನ್ನು. ನಾಳೆಯಿಂದ ನೀನು ಏನ್ ಕೇಳಿದ್ರೂ ಮಾಡಿಕ್ತೀನಿ, ನವಣೆ ಅಂದ್ರೆ ನವಣೆ, ಮುದ್ದೆ ಅಂದ್ರೆ ಮುದ್ದೆ, ನನ್ ಕೈಯಾರೆ ಕುಟ್ತೀನಿ. ಆದ್ರೆ ಅಕ್ಕಿ ಮಾತು ಎತ್ತಬೇಡ ಕಣವ್ವ. ಆ ಎರಡು ಕೂಸ ಸಿವ ಕರ್ಕೊಂಡ ಅಂತ ಇದ್ದದ್ದು ಅಂಗೇ ಇರ್ಲಿ. ಅಕ್ಕಿಯಿಂದ ಅಂದ್ರೆ..." ಎರಡೂ ಅಂಗೈಗಳನ್ನು ಸೊಸೆಯ ಮುಂದೆ ಚಾಚಿದಳು. "ಇಕ್ಕಿದ್ದು ಈ ಕೈ ಅಲ್ವೇ? ತೊಳ್ದಿದ್ದು, ಬಸ್ದಿದ್ದು ಈ ಕೈ ಅಲ್ವೇ? ನಾನು ಪ್ರೀತೀಲೇ ಇಕ್ಕುದ್ನಲ್ಲವ್ವ. ಊರೋರ ಮುಂದೆ ಹೆಂಗೋ ಇರ್ತೀನಿ. ಪೂಜೆಗೆ ಕೂತಾಗ ಈ ಕೈಲಿ ಲಿಂಗ ಎಂಗ್ ಇಟ್ಕೊಳ್ಳನವ್ವ? ಒಂದೇ ಒಂದು ಮಾತು. ಅಕ್ಕಿ ಅಲ್ಲ ಅಂದ್ಬುಡು. ನಿನ್ ಕಾಲ್ ಹಿಡ್ಕೋತೀನಿ."

ನಿಜಕ್ಕೂ ಬಗ್ಗಿದಳು. ಊದಿದ ಆ ಕಾಲನ್ನು ಮುಟ್ಟಿದಳು.

ಮಾದಮ್ಮ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಪಾತ್ರೆಯನ್ನು ಕೆಳಗಿಟ್ಟಳು. ಕೈ ತೊಳೆದುಕೊಂಡಳು. ಕೂಸನ್ನು ಎತ್ತಿ ಎದೆಗೆ ಹಾಕಿಕೊಂಡು, ಅದು ಹಾಲಿಗೆ ಬಾಯಿ ಹಚ್ಚುವ ತನಕ ಕಾದಳು. ಹೊರಗೆ ಬಸ್ಸೊಂದು ಬಂದು ನಿಂತ ಸದ್ದಾಯಿತು. ಯಾರೋ ಗಂಡಸರು ಆಸ್ಪತ್ರೆ ಎಲ್ಲಿ ಎಂದು ಕೇಳುತ್ತಿದ್ದರು. ದನಿ ಮಾದಮ್ಮನ ಅಪ್ಪ ಶಾಂತಮಲ್ಲಪ್ಪನದು. ಪುಟ್ಟಸಿದ್ದಮ್ಮ ತಲೆಯೆತ್ತಿ ಸೊಸೆಯ ಕಣ್ಣನ್ನೇ ನೋಡಿದಳು.

"ನಿಮ್ ಪ್ರೀತಿ ನಂಗೊತ್ತು ಅತ್ತೆ," ಎಂದಳು ಮಾದಮ್ಮ. "ಅದ್ನೂ ಏಳ್ತೀನಿ. ಆದ್ರೆ ಅಕ್ಕಿ ಅಲ್ಲ ಅನ್ನಾಕಿಲ್ಲ. ನಿಮ್ಗೋಸ್ಕರನೂ ಅನ್ನಾಕಿಲ್ಲ."